ದಸ್ತಗೀರಸಾಬರ ಹದಿನಾಲ್ಕನೇ ಷರತ್ತು

ಗದಗಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ದಸ್ತಗೀರಸಾಬರು ಅದಕ್ಕೆ ಮೊದಲು ಇಪ್ಪತ್ತು ವರ್ಷ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಯಂತ್ರಗಳು ದುಡಿದು ಸಾಯುವುದಿಲ್ಲ, ಉಸಿರುಗಟ್ಟಿ ಸಾಯುತ್ತವೆ ಎಂಬುದು ಅಲ್ಲಿ ಅವರು ಕಲಿತ ಪಾಠ. ಗಾಳಿ ಎಳೆಯುವ ಒಂದು ಜಾಳಿಗೆಯನ್ನು ಹತ್ತಿಯ ಎಳೆ ಮುಚ್ಚಿದರೆ ಸಾಕು. ಪಕ್ಕದಲ್ಲಿ ನಿಂತವನೊಬ್ಬ ‘ಏನೂ ಆಗೂದಿಲ್ಲ ಬಿಡ್ರಿ’ ಅಂದರೆ ಇನ್ನೂ ಬೇಗ.

1988ರಲ್ಲಿ ದಾನಿಯೊಬ್ಬರು ಆಸ್ಪತ್ರೆಗೆ ಮೂರು ಆಕ್ಸಿಜನ್ ಕಾನ್ಸೆಂಟ್ರೇಟರ್ ಕೊಡಿಸಲು ಒಪ್ಪಿದರು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಒಳಗಿನ ಹರಳುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು, ಆಮ್ಲಜನಕವನ್ನು ಮಾತ್ರ ನಳಿಕೆಗೆ ಬಿಡುವ ಪೆಟ್ಟಿಗೆ ಅದು. ಹುಬ್ಬಳ್ಳಿಯಿಂದ ಸಿಲಿಂಡರ್ ಲಾರಿ ಬರುವುದನ್ನು ಕಾಯುತ್ತ ಕಿಟಕಿಯಲ್ಲಿ ನಿಲ್ಲುವ ಕೆಲಸ ಕಡಿಮೆಯಾಗುತ್ತದೆಂದು ವಾರ್ಡಿನ ಸಿಸ್ಟರ್ ರತ್ನವ್ವ ಖುಷಿಪಟ್ಟರು. ಟೆಂಡರ್ ಬರೆಯುವ ಕೆಲಸ ದಸ್ತಗೀರಸಾಬರ ಪಾಲಿಗೆ ಬಂತು.

ಆಡಳಿತ ಸಮಿತಿಯ ಬಳಿ ಮಾದರಿಗೆ ಇದ್ದದ್ದು ಒಂದೇ ಟೆಂಡರ್, ಕಬ್ಬಿಣದ ಮಂಚಗಳದ್ದು. ಅದರ ಪ್ರಕಾರ ಸರಕಿಗೆ ಎರಡು ಕೋಟು ಬಣ್ಣ ಇರಬೇಕು, ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ತಾಗಬೇಕು. ಸಾಬರು ಕಾಲುಗಳನ್ನು ತೆಗೆದುಹಾಕಿ ಹೊಸದನ್ನು ಬರೆದರು. ನಿಮಿಷಕ್ಕೆ ಪೂರ್ತಿ ಐದು ಲೀಟರ್ ಹರಿವಿನಲ್ಲಿ ಆಮ್ಲಜನಕ ಶೇಕಡಾ ತೊಂಬತ್ತಕ್ಕಿಂತ ಕಡಿಮೆಯಾಗಬಾರದು, ಹರಿವು ತಗ್ಗಿಸಿದರೆ ಅಂಕಿ ತಾನೇ ಏರುವುದರಿಂದ ಒಂದು ಲೀಟರಿನಲ್ಲಿ ಅಳೆದು ತೋರಿಸಿದರೆ ಒಪ್ಪುವುದಿಲ್ಲ. ಅಳೆಯುವ ಮೀಟರನ್ನೂ ಕೊಡಬೇಕು. ನಲವತ್ತು ಡಿಗ್ರಿ ಸೆಖೆಯಲ್ಲಿ ನಡೆಯಬೇಕು. ಸಂಜೆ ಕರೆಂಟು ಸೋತಾಗ ಎತ್ತಿ ಹಿಡಿಯಲು ಸ್ಟೆಬಿಲೈಜರ್ ಜೊತೆಗೇ ಬರಬೇಕು. ಧೂಳಿನ ಊರಾದ್ದರಿಂದ ಹೆಚ್ಚುವರಿ ಫಿಲ್ಟರ್ ಬೇಕು. ವಾರಂಟಿ ಎರಡು ವರ್ಷ, ಕಂಪ್ರೆಸರ್ ಮತ್ತು ಒಳಗಿನ ಹರಳು ಸೇರಿ. ಅದೂ ಬಿಲ್ಲಿನ ದಿನದಿಂದಲ್ಲ, ವಾರ್ಡಿನಲ್ಲಿ ನಡೆಸಿ ತೋರಿಸಿದ ದಿನದಿಂದ. ಕೆಟ್ಟರೆ ತಂತಿ ಕೊಟ್ಟ ಎಪ್ಪತ್ತೆರಡು ತಾಸಿನೊಳಗೆ ಬಂದು ನೋಡಬೇಕು, ರಿಪೇರಿ ತಡವಾದರೆ ಬದಲಿ ಯಂತ್ರ ಇಡಬೇಕು.

ಸಮಿತಿ ಸಭೆ ಎರಡು ತಾಸು ನಡೆಯಿತು. ಯಂತ್ರದ ಬಣ್ಣ ಹಾಲಿನದಿರಬೇಕೋ ಆಕಾಶದ್ದಿರಬೇಕೋ ಎಂಬುದಕ್ಕೆ ಮುಕ್ಕಾಲು ತಾಸು ಹೋಯಿತು. ದಾನಿಯ ಹೆಸರಿನ ಫಲಕದ ಅಳತೆಗೆ ಒಂದು ತಾಸು. ಉಳಿದ ಸಮಯದಲ್ಲಿ ಚಹಾ ಕುಡಿಯುತ್ತ ವಾರಂಟಿ ಮುಗಿಸಿದರು. ಹದಿನಾಲ್ಕನೇ ಷರತ್ತಿಗೆ ಮಾತ್ರ ಅಧ್ಯಕ್ಷ ಪ್ರಲ್ಹಾದಸಾ ನಕ್ಕರು. ಬೆಟಗೇರಿಯಲ್ಲಿ ಮಗ್ಗ, ಗದಗಿನಲ್ಲಿ ಸೀರೆ ಅಂಗಡಿ ಇದ್ದ ಅವರು ನಕ್ಕರೆಂದರೆ ಸಮಿತಿಯೂ ನಗುತ್ತಿತ್ತು.

“ಯಂತ್ರದ ಮ್ಯಾಲ ಕನ್ನಡದಾಗ ಸೂಚನಾ ಫಲಕ ಹಚ್ಚಬೇಕಂತ. ಅದರಾಗ ಎಚ್ಚರಿಸದ ತಪ್ಪಿನ ನೆವ ಹೇಳಿ ವಾರಂಟಿ ತಪ್ಪಿಸಬಾರದಂತ. ಸಾಬರ, ಪರದೇಶದ ಮಷೀನಿಗೆ ಕನ್ನಡ ಬರತೈತೇನ್ರಿ?”

“ಮಷೀನಿಗಲ್ರಿ ಸಾವಕಾರ್ರ, ಮಂದಿಗೆ.”

“ಆತು, ಇರಲಿ. ಆದರ ನಾಳೆ ಏನರ ಹೆಚ್ಚುಕಮ್ಮಿ ಆದರ ಹೊಣೆ ನಿಮ್ಮದು. ಸಹಿ ಮಾಡಿಕೊಡ್ರಿ.”

ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದ ಸಾಬರು ಸಹಿ ಮಾಡಿದರು. ಯಂತ್ರ ಕೆಟ್ಟು ಆಸ್ಪತ್ರೆ ಖರ್ಚು ಹೊರಬೇಕಾಗಿ ಬಂದರೆ ನೌಕರಿ ಬಿಟ್ಟು ಹೋಗತಕ್ಕದ್ದು ಎಂದು ಆ ಕಾಗದದಲ್ಲಿತ್ತು.

ಮೂವರು ಟೆಂಡರ್ ಹಾಕಿದರು. ತಾಂತ್ರಿಕ ಲಕೋಟೆಗಳನ್ನು ಮೊದಲು ಒಡೆದಾಗ ಒಬ್ಬರ ಪುಸ್ತಿಕೆಯಲ್ಲಿ ‘ಶೇಕಡಾ ತೊಂಬತ್ತೈದು’ ಎಂದು ದಪ್ಪಕ್ಷರದಲ್ಲೂ, ‘ಒಂದು ಲೀಟರಿನಲ್ಲಿ’ ಎಂದು ಸಾಸಿವೆಯಷ್ಟು ಸಣ್ಣಕ್ಷರದಲ್ಲೂ ಇತ್ತು. ಅವರ ದರದ ಲಕೋಟೆಯನ್ನು ಒಡೆಯದೆ ಮರಳಿಸಿದರು. ಉಳಿದಿಬ್ಬರಲ್ಲಿ ಕಡಿಮೆ ದರ ಹಾಕಿದ ಹುಬ್ಬಳ್ಳಿಯ ಏಜೆನ್ಸಿ ಟೆಂಡರಿನ ಪ್ರತಿ ಹಾಳೆಗೂ ಸಹಿ ಮಾಡಿ, ಯಂತ್ರ ತಂದಿತು.

ತಂದ ಮೇಲೆ ಪೆಟ್ಟಿಗೆಗಳು ನಾಲ್ಕು ತಿಂಗಳು ಉಗ್ರಾಣದಲ್ಲೇ ಕುಳಿತವು. ಉದ್ಘಾಟನೆಗೆ ಮಂತ್ರಿಗಳ ತಾರೀಖು ಸಿಕ್ಕಿರಲಿಲ್ಲ. ಸಿಲಿಂಡರ್ ಲಾರಿ ಎಂದಿನಂತೆ ತಡವಾಗಿ ಬರುತ್ತಿತ್ತು, ರತ್ನವ್ವ ಎಂದಿನಂತೆ ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಕೊನೆಗೆ ಮಂತ್ರಿಗಳು ಬರಲೇ ಇಲ್ಲ, ಪ್ರಲ್ಹಾದಸಾ ಅವರೇ ಗುಂಡಿ ಒತ್ತಿದರು. ಏಜೆನ್ಸಿಯ ಇಂಜಿನಿಯರ್ ಮುರ್ತುಜಾ ಐದು ಲೀಟರಿಗೆ ತಿರುವಿ ಮೀಟರಿನಲ್ಲಿ ತೊಂಬತ್ತೆರಡು ತೋರಿಸಿದ. ಜೋಡಣೆಯ ವರದಿಯಲ್ಲಿ ದಸ್ತಗೀರಸಾಬರು ‘ಕನ್ನಡ ಫಲಕ ಬಂದಿಲ್ಲ’ ಎಂದು ಒಂದು ಸಾಲು ಬರೆದರು.

“ಮುಂದಿನ ವಾರ ಕಳಸ್ತೀನಿ ಚಾಚಾ,” ಎಂದು ಮುರ್ತುಜಾ ಅದರ ಕೆಳಗೆ ಸಹಿ ಹಾಕಿ ಬಸ್ಸು ಹಿಡಿದ. ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಹಾಳಾಗಬಾರದೆಂದು ಅಧ್ಯಕ್ಷರು ಅದನ್ನು ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಅದೇ ಸಮಾರಂಭದಲ್ಲಿ ಅವರು ತಮ್ಮ ಕಡೆಯಿಂದ ಮೂರು ಗವಸು ಕೊಟ್ಟರು. ಕೆಂಪು ಅಂಚಿನ, ಬೆಟಗೇರಿಯ ಮಗ್ಗದ ಬಟ್ಟೆ. ಯಂತ್ರದ ತಲೆಯಿಂದ ಗಾಲಿಯವರೆಗೆ ಹೊದಿಕೆ, ನಳಿಕೆಗೆ ಮಾತ್ರ ತೂತು.

“ಸಾವಕಾರ್ರ, ಇದು ಹಿಂದಿನಿಂದ ಗಾಳಿ ಎಳಕೋತೈತ್ರಿ. ಮುಚ್ಚಬಾರದು,” ಎಂದರು ಸಾಬರು.

“ಧೂಳಿನ ಊರು ಅಂತ ಟೆಂಡರಿನಾಗ ಬರದವರು ಯಾರ್ರಿ? ನೀವಽ ಅಲ್ಲೇನು?”

ಅಂದಿನಿಂದ ವಾರ್ಡಿನಲ್ಲಿ ಒಂದು ಪದ್ಧತಿ ಬೆಳೆಯಿತು. ಸಾಬರು ಬಂದಾಗ ಗವಸು ತೆಗೆಯುತ್ತಿದ್ದರು. ಅಧ್ಯಕ್ಷರ ಸ್ಕೂಟರ್ ಸದ್ದು ಕೇಳಿದರೆ ಆಯಾ ಫಕ್ಕೀರವ್ವ ಓಡಿಬಂದು ಹೊದಿಸುತ್ತಿದ್ದಳು. ಸಾಬರು ಉಗ್ರಾಣದಲ್ಲಿರುತ್ತಿದ್ದರು, ಅಧ್ಯಕ್ಷರು ಯಾವಾಗ ಬೇಕಾದರೂ ಬರುತ್ತಿದ್ದರು. ಹೀಗಾಗಿ ಗವಸು ಯಂತ್ರದ ಮೈಮೇಲೆಯೇ ಉಳಿಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ವಾರ್ಡಿನಲ್ಲಿದ್ದ ರೋಗಿ, ಅಸುಂಡಿಯ ಮಲ್ಲವ್ವ ನಳಿಕೆ ಮೂಗಿಗಿದ್ದರೂ ಉಸಿರಿಗೆ ಒದ್ದಾಡತೊಡಗಿದಳು. ತುಟಿಗಳು ನೀಲಿಯಾಗಿದ್ದವು. ರತ್ನವ್ವ ಆಕೆಯನ್ನು ಸಿಲಿಂಡರಿಗೆ ಬದಲಾಯಿಸಿ ಸಾಬರನ್ನು ಕರೆಸಿದರು. ಮೀಟರ್ ಅರವತ್ತೆಂಟು ತೋರಿಸಿತು. ಗವಸು ಎತ್ತಿದರೆ ಪೆಟ್ಟಿಗೆ ಹೆಂಚಿನಂತೆ ಕಾದಿತ್ತು, ಫಿಲ್ಟರಿನ ಮೇಲೆ ಕೆಂಪು ಎಳೆಗಳ ಒಂದು ಪದರ.

ಸಾಬರು ಅಂದೇ ತಂತಿ ಕೊಟ್ಟರು. ಮೂರನೇ ದಿನ ಮುರ್ತುಜಾ ಬಂದು ಬಿಚ್ಚಿ ನೋಡಿದ. ಕಂಪ್ರೆಸರ್ ಸುಟ್ಟಿತ್ತು.

“ಬಟ್ಟಿ ಮುಚ್ಚಿ ನಡಸೀರಿ. ಇದು ನಿಮ್ಮ ತಪ್ಪು, ವಾರಂಟಿಗೆ ಬರೂದಿಲ್ಲ,” ಎಂದ.

ಪಕ್ಕದಲ್ಲೇ ನಿಂತಿದ್ದ ಪ್ರಲ್ಹಾದಸಾ ಅವರ ಮುಖ ತಮ್ಮ ಗವಸಿನ ಅಂಚಿನ ಬಣ್ಣಕ್ಕೆ ತಿರುಗಿತು. “ಸಾಬರ, ಸಹಿ ಮಾಡಿದ ಕಾಗದ ನೆನಪೈತಲ್ಲ?”

“ಐತ್ರಿ. ಇದೂ ನೆನಪೈತಿ,” ಎಂದು ಸಾಬರು ಟೆಂಡರಿನ ಆರನೇ ಹಾಳೆ ತೆರೆದಿಟ್ಟರು. “ತಮ್ಮಾ, ಹದಿನಾಲ್ಕು ಓದು. ಕೆಳಗ ಸಹಿ ನಿಮ್ಮ ಮಾಲಕರದು. ಈಗ ಈ ವರದಿ ಓದು, ಇದರಾಗಿನ ಸಹಿ ನಿಂದು. ಬಟ್ಟಿ ಮುಚ್ಚಬಾರದಂತ ಫಲಕ ಎಲ್ಲೈತಿ, ತೋರಸು.”

ಮುರ್ತುಜಾ ಯಂತ್ರವನ್ನು ಒಂದು ಸುತ್ತು ಬಂದ. ಅಲ್ಲಿದ್ದದ್ದು ದಾನಿಯ ಹೆಸರಿನ ಫಲಕ ಮಾತ್ರ. ಅದರ ಅಳತೆ ಸಭೆಯಲ್ಲಿ ಗೊತ್ತಾದಷ್ಟೇ ಇತ್ತು.

“ಪುಸ್ತಕದಾಗ ಬರದೈತಿ ಚಾಚಾ!”

“ಅದು ಸಾವಕಾರ್ರ ಕಪಾಟಿನಾಗ ಐತಿ. ಕನ್ನಡದಾಗೂ ಇಲ್ಲ.”

ಮುರ್ತುಜಾ ಹುಬ್ಬಳ್ಳಿಗೆ ಫೋನು ಮಾಡಿ ಬಹಳ ಹೊತ್ತು ಬೈಸಿಕೊಂಡ. ಮರುದಿನ ಬದಲಿ ಯಂತ್ರ ಬಂತು, ಮಲ್ಲವ್ವನ ನಳಿಕೆ ಅದಕ್ಕೆ ಸೇರಿತು. ಹಳೆಯದು ಏಜೆನ್ಸಿಯ ಖರ್ಚಿನಲ್ಲಿ ಹೊಸ ಕಂಪ್ರೆಸರ್ ಹಾಕಿಸಿಕೊಂಡು ಬಂತು.

ಸಮಿತಿಗೆ ಬರೆದ ವರದಿಯಲ್ಲಿ ದಸ್ತಗೀರಸಾಬರು ‘ಬಟ್ಟೆ’ ಎಂದಷ್ಟೇ ಬರೆದಿದ್ದರು, ಯಾರ ಬಟ್ಟೆ ಎಂದು ಬರೆದಿರಲಿಲ್ಲ. ಅದನ್ನು ಎರಡು ಸಲ ಓದಿದ ಪ್ರಲ್ಹಾದಸಾ ಸಹಿಯ ಕಾಗದವನ್ನು ಹೊರತೆಗೆದು ನಾಲ್ಕು ತುಂಡು ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಆ ಫಲಕದಾಗ ಏನು ಬರಸ್ತೀರಿ?” ಎಂದು ಕೇಳಿದರು.

ಫಲಕ ಹದಿನೈದು ದಿನಕ್ಕೆ ಬಂತು. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ, ಗೋಡೆಯಿಂದ ಒಂದು ಗೇಣು ದೂರ ಇಡಿರಿ ಎಂಬ ಮಾತುಗಳಿಗಿಂತ ಮೇಲೆ, ಮೊದಲ ಸಾಲು ಹೀಗಿತ್ತು: ‘ಈ ಯಂತ್ರಕ್ಕೆ ಬಟ್ಟೆ ಹೊದಿಸಬಾರದು, ಯಾರು ಕೊಟ್ಟಿದ್ದರೂ ಸರಿಯೆ.’

ಗವಸುಗಳು ಸಮಿತಿಯ ಮೇಜಿಗೆ ಹಾಸಾದವು. ಅಲ್ಲಿ ಗಾಳಿ ಆಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.