ರತ್ನಕ್ಕನ ಫೋನು ಟಿ.ವಿ. ಏರಿದ ದಿನ

ಸಾಗರದ ನಾಗರತ್ನಮ್ಮ ಅಂದರೆ ಗೊತ್ತಾಗದವರಿಗೂ ಜಾತಕದ ರತ್ನಕ್ಕ ಅಂದರೆ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಗಂಡು ಹೆಣ್ಣು ಕೂಡಿಸುವುದೇ ಅವಳ ಕಸುಬು. ಎಷ್ಟು ಮದುವೆ ಮಾಡಿಸಿದ್ದೀರಿ ಎಂದು ಕೇಳಿದರೆ ಲೆಕ್ಕ ಇಟ್ಟಿಲ್ಲ ಅನ್ನುತ್ತಾಳೆ. ಎಷ್ಟು ಮುರಿದವು ಎಂದರೆ ಮಾತ್ರ ಥಟ್ಟನೆ ಮೂರು ಅನ್ನುತ್ತಾಳೆ. ಆ ಮೂರರ ತಪ್ಪು ಯಾರದ್ದು ಎಂದು ಕೇಳುವ ಧೈರ್ಯ ಇದ್ದವರು ಕಾಫಿಗೆ ಮೊದಲೇ ಕೇಳಿಬಿಡಬೇಕು, ಆಮೇಲೆ ಕಾಫಿ ಬರುವುದಿಲ್ಲ.

ಅವಳಿಗೊಂದು ಅಭ್ಯಾಸ. ಯಾವ ಮನೆಗೆ ಹೋಗಿ ಬಂದರೂ ಅಲ್ಲಿ ಕಂಡದ್ದನ್ನು ಅದೇ ದಿನ ಗುರುತು ಮಾಡಿಕೊಳ್ಳಬೇಕು. ಮೊದಲು ಜಾತಕದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು. ಫೋನು ಬಂದ ಮೇಲೆ ಇನ್ನೂ ಸುಲಭವಾಯಿತು, ಹೆಸರಿನ ಜೊತೆಗೇ ಸೇರಿಸಿ ಇಟ್ಟುಕೊಂಡಳು. ಕರೆ ಬಂದ ಕೂಡಲೇ ಯಾರ ಹತ್ತಿರ ಹೇಗೆ ಮಾತಾಡಬೇಕು ಅಂತ ಗೊತ್ತಾಗಬೇಕಲ್ಲ. ‘ಬ್ಯಾಕೋಡು ಸುಬ್ಬಣ್ಣ ಮಾತು ಜಾಸ್ತಿ’, ‘ಕೆಳದಿ ಮಾಸ್ತರು ಕಿವಿ ಮಂದ ಕೋಪ ಚುರುಕು’, ‘ನಿಟ್ಟೂರು ಅತ್ತೆ ಸೊಸೆ ಆಗದು’. ಹೀಗೆ ನಾನೂರು ಚಿಲ್ಲರೆ ಹೆಸರು. ಅಂಗಡಿಯವನಿಗೆ ಮಾಲು ಹೇಗೋ ಅವಳಿಗೆ ಇದು ಹಾಗೆ. ವ್ಯತ್ಯಾಸ ಇಷ್ಟೆ, ಅಂಗಡಿಯವನು ಮಾಲನ್ನು ಎದುರಿಗೆ ಜೋಡಿಸುತ್ತಾನೆ, ಇವಳು ಯಾರಿಗೂ ತೋರಿಸುವ ಹಾಗಿಲ್ಲ.

ಆ ಗುರುವಾರ ಮಧ್ಯಾಹ್ನ ಅವಳು ಹೊಸನಗರದಲ್ಲಿ ಗೊಬ್ಬರದಂಗಡಿ ವೆಂಕಟರಾಮನ ಮನೆಯಲ್ಲಿ ಕೂತಿದ್ದಳು. ಕೆಳಗೆ ಅಂಗಡಿ, ಮೇಲೆ ಮನೆ. ಗೋಡೆಯ ಮೇಲೆ ಬಾಗಿಲಿನಷ್ಟು ಟಿ.ವಿ. ವೆಂಕಟರಾಮನ ಮಗ ಅನಿಕೇತ ಶಿವಮೊಗ್ಗದಲ್ಲಿ ಮೇಷ್ಟ್ರು. ಅವನು ತೀರ್ಥಹಳ್ಳಿಯ ರವೀಂದ್ರನ ಮಗಳು ಅಪೇಕ್ಷಾಳನ್ನು ನೋಡಿ, ಮಾತಾಡಿ, ಒಪ್ಪಿ ಆಗಿತ್ತು. ಅಪ್ಪ ಅಮ್ಮ ಒಪ್ಪಿದ್ದರು. ಇನ್ನು ಒಪ್ಪಬೇಕಾದವರು ಒಬ್ಬರೇ, ವೆಂಕಟರಾಮನ ತಂದೆ ಮುಕುಂದಯ್ಯನವರು. ರಿಟೈರಾದ ಹೆಡ್‌ಮಾಸ್ತರು. ಕಣ್ಣಿನ ಆಪರೇಷನ್ ಆಗಿ ಮೂರು ವಾರ, ಪ್ರಯಾಣ ಕೂಡದು. ಫೋನಿನಲ್ಲಿ ತೋರಿಸಿದರೆ, “ಇದರಲ್ಲಿ ನನಗೆ ಬೆರಳಿನ ಗುರುತು ಬಿಟ್ರೆ ಏನೂ ಕಾಣೂದಿಲ್ಲ” ಅಂದಿದ್ದರು.

ರತ್ನಕ್ಕನ ಎದೆಯಲ್ಲಿ ಬೇರೆ ಒಂದು ಭಾರ ಇತ್ತು. ಅಪೇಕ್ಷಾಗೆ ಎರಡು ವರ್ಷದ ಕೆಳಗೆ ಬೇರೆ ಕಡೆ ನಿಶ್ಚಯವಾಗಿ ಮುರಿದಿತ್ತು. ಅದನ್ನು ಈ ಮನೆಗೆ ಇನ್ನೂ ಹೇಳಿರಲಿಲ್ಲ. ಮುಚ್ಚಿಡುವ ಯೋಚನೆ ಅವಳಿಗಿರಲಿಲ್ಲ, ಹುಡುಗಿಯ ಅಪ್ಪನಿಗೂ ಇರಲಿಲ್ಲ. ಆದರೆ ಅವಳ ಪದ್ಧತಿಯೇ ಹಾಗೆ: ಮೊದಲು ಮುಖ, ಆಮೇಲೆ ಕೊರತೆ. ಕೊರತೆ ಮೊದಲು ಹೇಳಿದರೆ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಇವತ್ತು ಮುಕುಂದಯ್ಯ ಹುಡುಗಿಯನ್ನು ನೋಡಿದ ಕೂಡಲೇ ಅವರೆದುರೇ ಹೇಳುವುದು ಎಂದು ನಿಶ್ಚಯಿಸಿಕೊಂಡೇ ಬಸ್ಸು ಹತ್ತಿದ್ದಳು. ರವೀಂದ್ರ ಬೆಳಿಗ್ಗೆಯೇ ಹೇಳಿದ್ದ: “ನೀವೇ ಬಾಯಲ್ಲಿ ಹೇಳಿ ರತ್ನಕ್ಕ. ಬೇರೆ ಯಾರೋ ಹೇಳಿ ಗೊತ್ತಾಗೂದು ಬೇಡ. ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ.”

ಬರುವ ಮುಂಚೆ ಸಾಗರದಲ್ಲಿ ಟಿ.ವಿ. ಮಾರುವ ತೀರ್ಥೇಶನ ಅಂಗಡಿಗೆ ಹೋಗಿ, ಫೋನಿನದ್ದನ್ನು ಟಿ.ವಿ.ಯಲ್ಲಿ ತೋರಿಸುವ ಪಾಠ ಹೇಳಿಸಿಕೊಂಡಿದ್ದಳು. ಅವನು ಹೇಳಿದ್ದು ಇಷ್ಟು: “ರತ್ನಕ್ಕ, ಯೂಟ್ಯೂಬ್ ತೆಗೆದ್ರೆ ಮೇಲೊಂದು ಟಿ.ವಿ. ಚಿತ್ರ ಇರ್ತದೆ, ಮೂಲೇಲಿ ಮೂರು ಗೆರೆ. ಅದನ್ನ ಒತ್ತಿದ್ರೆ ಆ ವಿಡಿಯೊ ಒಂದೇ ಹೋಗೂದು. ಟಿ.ವಿ. ತಾನೇ ಇಂಟರ್ನೆಟ್ಟಿಂದ ತಗೊಂಡು ಓಡಿಸ್ಕೊಳ್ತದೆ. ನಿಮ್ಮ ಫೋನು ರಿಮೋಟ್ ಇದ್ದ ಹಾಗೆ, ಯಾರಿಗೆ ಬೇಕಾದ್ರೂ ಮೆಸೇಜ್ ಮಾಡ್ಕೊಳ್ಳಿ, ಟಿ.ವಿ.ಗೆ ಗೊತ್ತಾಗೂದಿಲ್ಲ. ಇನ್ನೊಂದಿದೆ, ಸ್ಕ್ರೀನ್ ಮಿರರ್. ಅದು ಒತ್ತಿದ್ರೆ ಫೋನಲ್ಲಿ ನಿಮಗೆ ಕಂಡಿದ್ದೆಲ್ಲ ಊರಿಗೆ ಕಾಣ್ತದೆ. ಅದರ ಸಹವಾಸ ಬೇಡ ನಿಮಗೆ.”

“ಒಂದು, ಅಡುಗೆ ಮನೆಯಿಂದ ಒಂದು ಬಟ್ಟಲು ಪಾಯಸ ಹೊರಗೆ ಕಳಿಸಿದ್ಹಾಗೆ. ಇನ್ನೊಂದು, ಅಡುಗೆ ಮನೆ ಗೋಡೆಯನ್ನೇ ಒಡೆದ್ಹಾಗೆ. ಅಷ್ಟೇ ಅಲ್ವಾ?” ಅಂದಿದ್ದಳು ರತ್ನಕ್ಕ.

“ಅಷ್ಟೇ. ಹೊಸ ಟಿ.ವಿ. ತಗೊಳ್ತೀರಾ?”

“ನಿನಗೆ ಹೆಣ್ಣು ಹುಡುಕಿ ಕೊಟ್ಟಿದ್ದೇ ಸಾಲೂದಿಲ್ವಾ?”

ಪಾಯಸದ ಬಟ್ಟಲು ಸರಿಯಾಗಿಯೇ ಹೋಯಿತು. ಮನೆಯ ಮಗಳು, ಪಿಯುಸಿ ಓದುವ ವಿಭಾ, ಮನೆಯ ವೈಫೈಗೆ ಫೋನು ಸೇರಿಸಿ ಕೊಟ್ಟಳು. ಟಿ.ವಿ. ಚಿತ್ರ ಒತ್ತಿ, ಟಿ.ವಿ.ಯ ಹೆಸರು ಆರಿಸಿದ್ದೇ ಗೋಡೆಯ ತುಂಬ ಅಪೇಕ್ಷಾ. ಶಾಲೆಯೊಂದರಲ್ಲಿ ಮಕ್ಕಳಿಗೆ ರಕ್ತದ ಗುಂಪಿನ ಬಗ್ಗೆ ಹೇಳುತ್ತಿದ್ದ ವಿಡಿಯೊ. ಲಿಂಕು ಇದ್ದವರಿಗೆ ಮಾತ್ರ ಕಾಣುವ ಹಾಗೆ ಅವಳ ತಮ್ಮ ಯೂಟ್ಯೂಬಿಗೆ ಹಾಕಿದ್ದ. ನಡುವೆ ಬ್ಯಾಕೋಡಿನ ಸುಬ್ಬಣ್ಣನ ಮೆಸೇಜು ಬಂತು. ರತ್ನಕ್ಕ ಥಟ್ಟನೆ ತಲೆ ಎತ್ತಿ ನೋಡಿದರೆ ಟಿ.ವಿ.ಯಲ್ಲಿ ಹುಡುಗಿ ತನ್ನ ಪಾಡಿಗೆ ಪಾಠ ಮಾಡುತ್ತಿದ್ದಾಳೆ. ತೀರ್ಥೇಶನಿಗೆ ಮನಸ್ಸಿನಲ್ಲೇ ಒಂದು ಆಶೀರ್ವಾದ ಮಾಡಿದಳು.

“ಮಾತು ಸ್ಪಷ್ಟ. ಮಕ್ಕಳು ಗಲಾಟೆ ಮಾಡಿದ್ರೂ ಬೈಲಿಲ್ಲ. ನಾನಾಗಿದ್ರೆ ಬೈತಿದ್ದೆ,” ಅಂದರು ಮುಕುಂದಯ್ಯ.

ಇದೇ ಸಮಯ ಎಂದು ರತ್ನಕ್ಕ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ವೆಂಕಟರಾಮನ ಹೆಂಡತಿ ವಿನಯಾ, “ಮಾವ, ಮನೆಯವರೆಲ್ಲ ಕೂತಿದ್ದ ಫೋಟೊ ಒಂದಿತ್ತು, ಅದನ್ನೂ ನೋಡಿ. ರತ್ನಕ್ಕಂಗೆ ವಾಟ್ಸಾಪಲ್ಲಿ ಬಂದಿತ್ತಂತೆ,” ಅಂದಳು.

ವಾಟ್ಸಾಪಿನ ಫೋಟೊಕ್ಕೆ ಟಿ.ವಿ. ಚಿತ್ರ ಇರುವುದಿಲ್ಲ. ರತ್ನಕ್ಕ ಹುಡುಕಿ ಹುಡುಕಿ ಸೋಲುವಷ್ಟರಲ್ಲಿ ವಿಭಾ, “ಕೊಡಿ ಅಜ್ಜಿ, ಮಿರರ್ ಮಾಡಿದ್ರಾಯ್ತು,” ಎಂದು ಫೋನು ತೆಗೆದುಕೊಂಡು, ಮೇಲಿಂದ ಕೆಳಕ್ಕೆ ಎಳೆದು, ಎಲ್ಲೋ ಒತ್ತಿ, ವಾಪಸು ಕೈಗಿಟ್ಟಳು. ಬೇಡ ಅನ್ನಲು ರತ್ನಕ್ಕ ಬಾಯಿ ತೆರೆಯುವ ಹೊತ್ತಿಗೆ ಗೋಡೆಯ ಮೇಲೆ, ಎರಡೂ ಪಕ್ಕ ಕಪ್ಪು, ನಡುವೆ ಉದ್ದಕ್ಕೆ ನಿಂತ ಅವಳ ಫೋನು. ಮೊಮ್ಮಗನ ಬೊಚ್ಚು ಬಾಯಿಯ ಫೋಟೊ, ಅದರ ಮೇಲೆ ಗಂಟೆ: ಮೂರು ಐವತ್ತೊಂದು.

“ಈಗ ಫೋಟೊ ತೆಗೀರಿ,” ಅಂದಳು ವಿಭಾ.

ವಾಟ್ಸಾಪ್ ತೆರೆದರೆ ಗುರುತಿನ ಸಮೇತ ಹೆಸರಿನ ಸಾಲೇ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಈಗಷ್ಟೇ ಬಂದ ಸುಬ್ಬಣ್ಣ, ಅವನ ಕೆಳಗೆ ಬೆಳಿಗ್ಗೆ ಮಾತಾಡಿದ ರವೀಂದ್ರ. ಗ್ಯಾಲರಿ ತೆರೆದರೆ ಬೇರೆ ಬೇರೆ ಮನೆಯ ಹತ್ತೊಂಬತ್ತು ಹುಡುಗಿಯರು, ಅವರ ಅಪ್ಪಂದಿರು ನಂಬಿ ಕೊಟ್ಟ ಫೋಟೊ. ಏನೂ ತೆರೆಯದೆ ಕೂತರೂ ನಾಲ್ಕಕ್ಕೆ ರವೀಂದ್ರನ ಫೋನ್ ಬರುತ್ತದೆ. ರತ್ನಕ್ಕನ ಹೆಬ್ಬೆರಳು ಗಾಜಿನ ಮೇಲೆ ನಿಂತೇ ಇತ್ತು.

“ಎಂತ ಆಯ್ತು? ನೆಟ್ ಇಲ್ವಾ?” ವೆಂಕಟರಾಮ ಕೇಳಿದ.

“ಇದೆ. ವಿಭಾ, ಇದನ್ನ ಸ್ವಲ್ಪ ನಿಲ್ಸು ಮಗಾ.”

“ಯಾಕಜ್ಜಿ? ಚೆನ್ನಾಗಿ ಬಂದಿದ್ಯಲ್ಲ.”

ವಿನಯಾ ನಗುತ್ತಲೇ, “ರತ್ನಕ್ಕನ ಫೋನಲ್ಲಿ ನಾವು ನೋಡಬಾರದ್ದು ಏನೋ ಇರ್ಬೇಕು,” ಅಂದಳು. ತಮಾಷೆಯೇ. ಆದರೆ ಮುಕುಂದಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಲವತ್ತು ವರ್ಷ ಪರೀಕ್ಷೆ ಕೋಣೆ ಕಾದವರು. ಕೈ ಮೇಜಿನ ಕೆಳಗೆ ಹೋಗುವುದನ್ನು ಕಣ್ಣು ಮುಚ್ಚಿಕೊಂಡೂ ಹಿಡಿಯಬಲ್ಲರು.

ಮೂರು ಐವತ್ತಾರು. ಈಗ ಮಿರರ್ ನಿಲ್ಲಿಸಿ ಆಮೇಲೆ ಹೇಳಿದರೆ, ಏನೋ ಬಚ್ಚಿಟ್ಟು ಬಂದು ಹೇಳಿದ ಹಾಗಾಗುತ್ತದೆ. ರವೀಂದ್ರನ ಹೆಸರು ಮೊದಲು ಗೋಡೆ ಏರಿದರೆ ಹುಡುಗಿಯ ಕತೆ ಮುಗಿಯಿತು. ತನ್ನದೂ ಮುಗಿಯಿತು ಅನ್ನಿ. ಹೊಸನಗರದ ಸುದ್ದಿ ಸಾಗರಕ್ಕೆ ಬಸ್ಸಿಗಿಂತ ಮುಂಚೆ ತಲುಪುತ್ತದೆ.

ಫೋನನ್ನು ತೊಡೆಯ ಮೇಲೆ, ತೆರೆದೇ, ಇಟ್ಟುಕೊಂಡಳು.

“ಮಾಸ್ತರ್ರೇ, ಫೋಟೊ ಆಮೇಲೆ. ಒಂದು ವಿಷಯ ಹೇಳೂದಿದೆ, ಇವತ್ತು ಹೇಳ್ಬೇಕು ಅಂತಲೇ ಬಂದದ್ದು. ಈ ಹುಡುಗಿಗೆ ಹಿಂದೆ ಒಂದು ನಿಶ್ಚಯ ಆಗಿ ಬಿಟ್ಟುಹೋಗಿದೆ.”

ವಿನಯಾಳ ನಗು ಅರ್ಧಕ್ಕೇ ನಿಂತಿತು.

“ಬಿಟ್ಟೋರು ಯಾರು?” ಮುಕುಂದಯ್ಯ ಕೇಳಿದರು.

“ಇವರೇ. ಆ ಹುಡುಗ ಕುಡೀತಾನೆ ಅಂತ ಗೊತ್ತಾಯ್ತು. ಹುಡುಗಿಯೇ ಬೇಡ ಅಂದ್ಲು.”

“ಎಲ್ಲರೂ ಹಾಗೇ ಹೇಳೂದು ರತ್ನಕ್ಕ,” ಅಂದ ವೆಂಕಟರಾಮ, ನೆಲ ನೋಡುತ್ತಾ. “ಹೆಣ್ಣಿನ ಕಡೆಯೋರು ನಮ್ಮನ್ನೇ ಬಿಟ್ರು ಅಂತ ಎಲ್ಲಾದ್ರೂ ಹೇಳ್ತಾರಾ?”

ರತ್ನಕ್ಕನೇ ಎಷ್ಟೋ ಕಡೆ ಹುಡುಗಿ ಕಡೆಯವರೇ ಬಿಟ್ಟದ್ದು ಎಂದು ಹೇಳಿದವಳು. ನಾಲ್ಕಕ್ಕೆ ಇನ್ನೂ ಒಂದು ನಿಮಿಷ ಇತ್ತು. ರವೀಂದ್ರನಿಗೆ ತಾಳ್ಮೆ ಇರಲಿಲ್ಲ. ಫೋನು ನಡುಗಿತು. ಗೋಡೆಯ ಮೇಲೆ, ಮೊಮ್ಮಗನ ಹಣೆಗೆ ಪಟ್ಟಿ ಕಟ್ಟಿದ ಹಾಗೆ, ಒಂದು ಸಾಲು ಇಳಿಯಿತು: ‘ರವೀಂದ್ರ ತೀರ್ಥಹಳ್ಳಿ ನಿಶ್ಚಯ ಬಿಟ್ಟ…’

ಅಲ್ಲಿಗೆ ಜಾಗ ಸಾಲದೆ ಮೂರು ಚುಕ್ಕಿ.

ಮುಕುಂದಯ್ಯ ಎದ್ದು ಟಿ.ವಿ.ಯ ಹತ್ತಿರ ಹೋಗಿ, ಕಪ್ಪು ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ಓದಿದರು. “ಬಿಟ್ಟ ಅಂದ್ರೆ ಏನು? ಪೂರ್ತಿ ಕಾಣೂದಿಲ್ವಾ ಇದು?”

“ಅದರ ಮೇಲೆ ಒತ್ತಿದ್ರೆ ಪೂರ್ತಿ ಬರತ್ತೆ ಅಜ್ಜ,” ಅಂದಳು ವಿಭಾ.

“ಒತ್ತಿ ರತ್ನಕ್ಕ.”

ಒತ್ತಿದಳು. ಕರೆಯ ಪುಟ ಪೂರ್ತಿ ತೆರೆಯಿತು. ‘ರವೀಂದ್ರ ತೀರ್ಥಹಳ್ಳಿ ನಿಶ್ಚಯ ಬಿಟ್ಟದ್ದು ಇವರೇ ಹುಡುಗ ಕುಡುಕ’. ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ.

“ಇದನ್ನ ಯಾವಾಗ ಬರೆದಿದ್ದು?” ಮುಕುಂದಯ್ಯ ಕೇಳಿದರು.

“ಅವರು ಮೊದಲ ಸಲ ಮನೆಗೆ ಬಂದು ಹೋದ ದಿನ. ಒಂದೂವರೆ ವರ್ಷ ಆಯ್ತು. ಆ ಊರಲ್ಲಿ ಎರಡು ಕಡೆ ವಿಚಾರಿಸಿ ಆಮೇಲೆ ಬರ್ಕೊಂಡೆ. ನನ್ನ ಗುರುತಿಗೆ.”

“ಬೇರೆಯವ್ರು ನೋಡ್ತಾರೆ ಅಂತ ಬರೆದಿದ್ದಲ್ಲ.”

“ಅಯ್ಯೋ, ನೋಡ್ತಾರೆ ಅಂತಿದ್ರೆ ಇಷ್ಟು ಬರೀತಿದ್ನಾ ಮಾಸ್ತರ್ರೇ?”

ಮುಕುಂದಯ್ಯ ವಾಪಸು ಬಂದು ಕೂತರು. ಫೋನು ಇನ್ನೂ ನಡುಗುತ್ತಲೇ ಇತ್ತು. “ವೆಂಕಟರಾಮ, ಮಾರೂದಕ್ಕೆ ಆಡೋ ಮಾತು ಬೇರೆ, ತನಗೆ ಅಂತ ಬರ್ಕೊಳ್ಳೋದು ಬೇರೆ. ನಿನ್ನ ಅಂಗಡಿಯಲ್ಲೂ ಹಾಗೇ ಅಲ್ವಾ?” ವೆಂಕಟರಾಮ ಒಮ್ಮೆ ತಲೆಯಾಡಿಸಿದ. ಗೊಬ್ಬರದವನಿಗೆ ಅದಕ್ಕಿಂತ ಹೆಚ್ಚಿನ ಒಪ್ಪಿಗೆ ಹೇಗೆ ಕೊಡಬೇಕೆಂದು ಗೊತ್ತಿಲ್ಲ.

“ನಾನು ಹೂಂ ಅನ್ನೂದು ಈಗಲ್ಲ,” ಅಂದರು ಮುಕುಂದಯ್ಯ. “ಭಾನುವಾರ ಅವರು ಇಲ್ಲಿಗೆ ಬರ್ಲಿ. ಆ ಹುಡುಗಿ ಇದನ್ನ ತನ್ನ ಬಾಯಲ್ಲಿ ಹೇಳ್ಲಿ. ಹೇಳಿದ್ರೆ ಆಯ್ತು. ಈಗ ಫೋನ್ ಎತ್ತಿ, ಪಾಪ, ಆ ಮನುಷ್ಯ ಎಷ್ಟು ಹೊತ್ತಿಂದ ಕಾಯ್ತಿದ್ದಾನೆ. ಅದನ್ನ ಗೋಡೆಯಿಂದ ಇಳ್ಸಿ ಎತ್ತಿ.”

ಎತ್ತುವಷ್ಟರಲ್ಲಿ ಕರೆ ಕಟ್ಟಾಯಿತು. ವಿಭಾ ಮಿರರ್ ನಿಲ್ಲಿಸಿದಳು, ಟಿ.ವಿ. ಖಾಲಿಯಾಯಿತು. ರತ್ನಕ್ಕ ಸೆರಗಿನಿಂದ ಫೋನಿನ ಬೆವರು ಒರೆಸಿ, ಅಡುಗೆ ಮನೆಯ ಬಾಗಿಲಿಗೆ ಹೋಗಿ ತಾನೇ ರವೀಂದ್ರನಿಗೆ ಕರೆ ಮಾಡಿದಳು. “ಹೇಳಿದೆ ರವೀಂದ್ರಣ್ಣ. ಭಾನುವಾರ ಬನ್ನಿ. ಮಗಳನ್ನ ಕರ್ಕೊಂಡು ಬನ್ನಿ.” ಅತ್ತ ಕಡೆಯಿಂದ ಮೂಗು ಒರೆಸಿದ ಸದ್ದು.

ಹೊರಡುವಾಗ ವಿಭಾ ಮೆಟ್ಟಿಲ ತನಕ ಬಂದಳು. “ಅಜ್ಜಿ, ನಮ್ಮಪ್ಪನ ಹೆಸರು ಏನಂತ ಹಾಕ್ಕೊಂಡಿದ್ದೀರಿ?”

“ವೆಂಕಟರಾಮ, ಹೊಸನಗರ.”

“ಅಷ್ಟೇನಾ?”

“ಅಷ್ಟೇ ಅಂತ ಯಾರು ಹೇಳಿದ್ರು?” ಎಂದು ರತ್ನಕ್ಕ ಫೋನನ್ನು ಚೀಲದ ತಳಕ್ಕೆ ತುರುಕಿ, ಮೆಟ್ಟಿಲು ಇಳಿದಳು.