ಬಿಲ್ ಆಫ್ ಸಪ್ಲೈ ಬಂದ ವರ್ಷ

ಶ್ರೀಶೈಲನಿಗೆ ಮುನವಳ್ಳಿಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಐವತ್ತರ ಆಸುಪಾಸಿನವನು, ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದರೆ, ಅಂಗಡಿ ಬಿಟ್ಟು ಹೆಣ್ಣು ನೋಡಲು ಹೋಗುವವರು ಯಾರು ಎನ್ನುತ್ತಾನೆ. ನಾನು ಸವದತ್ತಿಯಲ್ಲಿ ಕೂತು ಈ ಭಾಗದ ಅಂಗಡಿಗಳ ಟ್ಯಾಕ್ಸ್ ಕೆಲಸ ನೋಡುವವನು. ತಿಂಗಳು ತಿಂಗಳು ಇವನ ರಿಟರ್ನ್ ತುಂಬಲು ಕಾಗದಕ್ಕಾಗಿ ಗೋಗರೆದು ನನ್ನ ಗಂಟಲು ಒಣಗಿತ್ತು.

ಅದಕ್ಕೇ ಕಳೆದ ಮಾರ್ಚಿನಲ್ಲಿ ಹೇಳಿದೆ: "ನಿಮ್ಮ ಗಿರಾಕಿ ಎಲ್ಲಾ ರೈತ್ರು. ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿಗೆ ಬರ್ರಿ. ಮೂರು ತಿಂಗಳಿಗೊಮ್ಮೆ ವಹಿವಾಟಿನ ಮ್ಯಾಲೆ ನೂರಕ್ಕ ಒಂದ್ರಂಗ ನೀವ ತುಂಬ್ರಿ, ಆರಾಮ ಇರ್ರಿ. ಆದ್ರ ಗಿರಾಕಿ ಕಡಿಂದ ಟ್ಯಾಕ್ಸ್ ತೊಗೊಳಂಗಿಲ್ಲ."

ಅವನು ಹೂಂ ಎಂದ. ಏಪ್ರಿಲ್ ಒಂದರಿಂದ ಕಂಪ್ಯೂಟರಿನ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ನೋಂದಣಿಯ ಬಗೆಯನ್ನು ರೆಗ್ಯುಲರ್‌ನಿಂದ ಕಾಂಪೊಸಿಷನ್‌ಗೆ ಬದಲಿಸಿಕೊಟ್ಟೆ. 'ಟ್ಯಾಕ್ಸ್ ಇನ್‌ವಾಯ್ಸ್' ಎಂಬ ತಲೆಬರಹ ಹೋಗಿ 'ಬಿಲ್ ಆಫ್ ಸಪ್ಲೈ' ಬಂತು. ತೆರಿಗೆಯ ಕಾಲಮ್ಮುಗಳು ಮಾಯವಾದವು. ಇವರು ಕಾಂಪೊಸಿಷನ್‌ನವರು, ಮಾರಾಟದ ಮೇಲೆ ತೆರಿಗೆ ವಸೂಲಿ ಮಾಡುವಂತಿಲ್ಲ ಎಂಬ ಸಾಲು ಬಿಲ್ಲಿನ ನೆತ್ತಿಯ ಮೇಲೆ ಕೂತಿತು. ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದೆ.

ಸಪ್ನಾಳ ಲೆಕ್ಕ ನನ್ನ ತಲೆಗೆ ಬಂದೇ ಇರಲಿಲ್ಲ. ಉಗರಗೋಳದವಳು. ಗಂಡ ತೀರಿಕೊಂಡ ಮೇಲೆ ಅವನ ಪ್ಲಂಬಿಂಗ್ ಕೆಲಸ ಕೈಗೆತ್ತಿಕೊಂಡು, ಯಲ್ಲಮ್ಮನ ಗುಡ್ಡಕ್ಕೆ ಬರುವವರಿಗಾಗಿ ಕಟ್ಟುವ ಲಾಡ್ಜುಗಳ ಗುತ್ತಿಗೆ ಹಿಡಿಯುವಷ್ಟು ಬೆಳೆದಿದ್ದಳು. ಅವಳಿಗೆ ಸವದತ್ತಿಯೇ ಹತ್ತಿರ. ಆದರೂ ವಾರಕ್ಕೊಮ್ಮೆ ಮುನವಳ್ಳಿಗೆ ಬಂದು, ಶ್ರೀಶೈಲನ ಎದುರಿನ ಸ್ಟೂಲಿನ ಮೇಲೆ ಕುಳಿತು, ಚಹಾ ಕುಡಿದು, ಪೈಪಿನ ಎಲ್ಬೋ ಕೇಳಿದರೆ ಟೀ ಜಾಯಿಂಟ್ ಕೊಡುತ್ತಾನೆಂದು ಅವನನ್ನು ಗೋಳು ಹೊಯ್ದುಕೊಂಡು ಹೋಗುತ್ತಿದ್ದಳು. ಆ ದಿನ ಶ್ರೀಶೈಲ ಇಸ್ತ್ರಿ ಅಂಗಿ ಹಾಕುತ್ತಿದ್ದ. ಊರಿಗೆಲ್ಲ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು.

ಹೊಸ ಬಿಲ್ಲನ್ನು ಅವಳು ನಿಂತೇ ಓದಿದಳಂತೆ.

"ಇದರ ಮ್ಯಾಲೆ ನನಗ ಕ್ರೆಡಿಟ್ ಬರೂದಿಲ್ಲಲ್ರಿ. ಲಾಡ್ಜಿನವ್ರಿಗೆ ನಾ ಟ್ಯಾಕ್ಸ್ ಹಚ್ಚಿ ಬಿಲ್ ಕೊಡಬೇಕು. ಸಾಮಾನಿನ ಮ್ಯಾಲಿನ ಟ್ಯಾಕ್ಸ್ ಅದರಾಗ ವಜಾ ಆಗ್ಲಿಲ್ಲಂದ್ರ ಗುತ್ತಿಗಿ ಗಿಟ್ಟೂದಿಲ್ಲ."

ಮುಂದಿನ ವಾರ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ಸವದತ್ತಿಯ ಅಂಗಡಿ ಹಿಡಿದಳು.

ಶ್ರೀಶೈಲ ನನ್ನ ಹತ್ತಿರ ಬಂದ. "ಅವರ ಒಬ್ಬರಿಗೆ ಹಳೇ ನಮೂನಿ ಬಿಲ್ ಹೊಡದ್ರ ಏನಾಕ್ಕೈತ್ರಿ?"

"ಜುಲ್ಮಾನಿ ಆಕ್ಕೈತಿ," ಎಂದು ಗದರಿದೆ. "ಅವರಿಗೂ ಉಪಯೋಗಿಲ್ಲ. ನಿಮ್ಮ ಬಿಲ್ ಪೋರ್ಟಲ್‌ನಾಗ ಅವರ ಖಾತಿಗೆ ಕಾಣ್ಸೂದ ಇಲ್ಲ. ಬೇಕಂದ್ರ ಸ್ಕೀಮ್ ಬಿಟ್ಟು ಹೊರಗ ಬರಬೇಕು. ಮತ್ತ ತಿಂಗಳ ತಿಂಗಳ ಅದ ಹಾಡು. ಒಬ್ಬ ಗಿರಾಕಿ ಸಲುವಾಗಿ ಯಾರರ ಹಿಂಗ ಮಾಡ್ತಾರೇನ್ರಿ?"

"ಗಿರಾಕಿ ಸಲುವಾಗಿ ಅಲ್ರಿ," ಎಂದ. "ಆ ಸ್ಟೂಲ್ ಮ್ಯಾಲೆ ಬ್ಯಾರೆದವ್ರು ಕುಂತ್ರ ನನಗ ಸಿಟ್ಟ ಬರಾಕತ್ತೈತಿ."

ಸ್ಕೀಮಿನಿಂದ ಹೊರಬರುವ ಅರ್ಜಿ ಹಾಕಿದೆ. ಅಂಗಡಿಯ ಬೋರ್ಡಿನ ಮೇಲೆ ನಿಯಮದಂತೆ ಬರೆಸಿದ್ದ 'ಕಾಂಪೊಸಿಷನ್' ಸಾಲನ್ನು ಅವನೇ ಏಣಿ ಹತ್ತಿ ಕೆರೆದ. ನಾನು ಹೋಗಿ ಅರ್ಜಿಯ ದಿನದಿಂದ ಜಾರಿಯಾಗುವಂತೆ ಸಾಫ್ಟ್‌ವೇರನ್ನು ಮತ್ತೆ ರೆಗ್ಯುಲರ್ ಮಾಡಿದೆ. ಅವನು ಸಪ್ನಾಳಿಗೆ ಫೋನ್ ಮಾಡಿ, ಟ್ಯಾಕ್ಸ್ ಇನ್‌ವಾಯ್ಸ್ ಸಿಗುತ್ತದೆ ಎಂದು ತಡವರಿಸುತ್ತ ಹೇಳಿದ. ಆ ಕಡೆಯಿಂದ ನಗು ಕೇಳಿಸಿತು. ಇವನ ಮುಖ ಅರಳಿತು.

ನಾಲ್ಕೈದು ದಿನದ ಮೇಲೆ ನಾನು ಅಲ್ಲೇ ಕೂತಿದ್ದಾಗ ಅವಳ ಮೆಸೇಜು ಬಂತು. ಉದ್ದದ ಆರ್ಡರು, ಕೊನೆಗೆ ಒಂದು ವಾಯ್ಸ್ ಮೆಸೇಜು: "ಅಣ್ಣಾರ, ಸಾಮಾನ ಟಂಟಂ ಗಾಡ್ಯಾಗ ಹಾಕ್ರಿ. ಬಿಲ್ಲು ಫೋನಿಗೇ ಕಳಸ್ರಿ, ಸವದತ್ಯಾಗ ಹಿಂಗ ರೂಢಿ ಆಗೇತಿ. ಸುಮ್ನ ಬಸ್ ಹತ್ತಿ ಬಂದು ನಿಮಗೂ ತ್ರಾಸು, ನನಗೂ ತ್ರಾಸು."

ವ್ಯಾಪಾರ ವಾಪಸು ಬಂತು. ಅವಳು ಬರಲಿಲ್ಲ.

ಶ್ರೀಶೈಲ ಆ ದನಿಯನ್ನು ಇನ್ನೊಮ್ಮೆ ಕೇಳಿದ. ಆಮೇಲೆ ಸಾಮಾನು ಕಟ್ಟಿಸಿ, ಬಿಲ್ಲು ಮಾಡಿ, ನೋಡಿರೆಂದು ಪರದೆಯನ್ನು ನನ್ನ ಕಡೆ ತಿರುಗಿಸಿದ. ತಲೆಬರಹ ಸರಿ, ತೆರಿಗೆ ಸರಿ. ಆದರೆ ಸಪ್ನಾಳ ಜಿಎಸ್‌ಟಿ ನಂಬರಿನ ಜಾಗ ಖಾಲಿ.

"ನಂಬರ್ ಬಿಟ್ಟೀರಿ. ಇದು ನೋಂದಣಿ ಇಲ್ದವ್ರ ಬಿಲ್ ಆತು. ಅವರಿಗೆ ಕ್ರೆಡಿಟ್ ಬರೂದಿಲ್ಲ."

"ಗೊತ್ತೈತ್ರಿ," ಎಂದ. "ಬಿಲ್ ತಪ್ಪಿದ್ರ ಜಗಳಕ್ಕರ ಬರತಿದ್ರು."

ತಿದ್ದಲು ನಾನು ಕೈ ಚಾಚಿದೆ. ಅವನೇ ಕೀಬೋರ್ಡ್ ಎಳೆದುಕೊಂಡ. "ಬ್ಯಾಡ ಬಿಡ್ರಿ, ಅವರಿಗೆ ಲುಕ್ಸಾನ ಆಕ್ಕೈತಿ," ಎಂದು ಹದಿನೈದು ಅಂಕಿ-ಅಕ್ಷರಗಳ ಆ ನಂಬರನ್ನು ಎಲ್ಲಿಯೂ ನೋಡದೆ, ಒಮ್ಮೆಯೂ ತಡೆಯದೆ ಹೊಡೆದು, ಬಿಲ್ಲು ಕಳಿಸಿದ.