ಸತ್ತವರು ಅನುಮೋದಿಸಿದ ಠರಾವು

ಕಲ್ಯಾಣಪ್ಪನ ಅಕ್ಷರ ಚೆಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವನ ಬಗ್ಗೆ ಒಳ್ಳೆಯದು ಹೇಳುವುದಕ್ಕೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ಮೂವತ್ತೊಂದು ವರ್ಷದಿಂದ ನಮ್ಮೂರ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಅವನೇ ಕಾರ್ಯದರ್ಶಿ. ಆ ಕೆಲಸಕ್ಕೆ ಅವನನ್ನು ಸೇರಿಸಿದವರು ನಮ್ಮ ಯಜಮಾನರು ಶಾಂತಲಿಂಗಪ್ಪ. ಆಗ ಅವರು ಸಂಘದ ನಿರ್ದೇಶಕರು. ಬಂದ ಹನ್ನೊಂದು ಅರ್ಜಿಗಳಲ್ಲಿ ಇವನದನ್ನು ಮನೆಗೆ ತಂದು, "ಏನ್ ಬರೀತಾನ ನೋಡ ಹುಡುಗ" ಎಂದು ನನಗೂ ತೋರಿಸಿದ್ದರು. ನಾನು ಮೂರನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕೊನೆಯಲ್ಲಿ ಬೇರೆ ಯಾವುದೋ ಊರಿನ ಹೆಸರಿತ್ತು. ಯಾರದೋ ಅರ್ಜಿ ನೋಡಿ ಬರೆಯುವಾಗ ಅವರ ಊರನ್ನೂ ಇಳಿಸಿಕೊಂಡಿದ್ದ. ನಾನು ಬೆರಳಿಟ್ಟು ತೋರಿಸಿದೆ. ಯಜಮಾನರು ನಕ್ಕು ಬಿಟ್ಟರು. ಬಿಡಬಾರದಿತ್ತು.

ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಸಂಘದ ಮಹಾಸಭೆ. ಅದಕ್ಕೆ ಮುಂಚೆ ಸಿಪಾಯಿ ಮುಕ್ರಮ ಮನೆಮನೆಗೆ ನೋಟೀಸು, ಜೊತೆಗೆ ಆಳಂದದಲ್ಲಿ ಅಚ್ಚು ಹಾಕಿಸಿದ ವಾರ್ಷಿಕ ವರದಿಯ ಪುಸ್ತಕ ಕೊಟ್ಟು ಸಹಿ ಪಡೆಯುತ್ತಾನೆ. ಯಜಮಾನರು ಅದನ್ನು ಕಟ್ಟೆಯ ಮೇಲೆ ಕೂತು ದನಿ ಎತ್ತಿ ಓದುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ನಾಲ್ಕೈದು ವರ್ಷ ಕೇಳುವುದರಲ್ಲಿ ನನಗೆ ಅದು ಬಾಯಿಪಾಠ. ಪಾಲು ಬಂಡವಾಳ ಇಷ್ಟು, ಠೇವಣಿ ಇಷ್ಟು, ನಿವ್ವಳ ಲಾಭ ಇಷ್ಟು, ಅದರಲ್ಲಿ ಕಾಲು ಭಾಗ ಕಾಯ್ದಿಟ್ಟ ನಿಧಿಗೆ, ಆಡಿಟ್ ವರ್ಗ ಸಿ. ಈ ಅಂಕಿಗಳನ್ನು ಲೆಕ್ಕ ತಪಾಸಣೆಯವರು ಹಾಕುತ್ತಾರೆ, ಹಾಗಾಗಿ ಅವು ಬದಲಾಗುತ್ತವೆ. ಉಳಿದದ್ದೆಲ್ಲ ಕಲ್ಯಾಣಪ್ಪನದು, ಅದು ಬದಲಾಗುವುದಿಲ್ಲ. "ಪ್ರಸಕ್ತ ಸಾಲಿನಲ್ಲಿ ಮಳೆ ಸಕಾಲಕ್ಕೆ ಬಾರದೆ" ಎಂದು ಶುರು. ತೊಗರಿ ಹೊಲದಲ್ಲಿ ಮೊಣಕಾಲುದ್ದ ನೀರು ನಿಂತ ವರ್ಷವೂ ಹಾಗೇ ಶುರು. ಕೊನೆಗೆ "ಮುಂದಿನ ಸಾಲಿನಲ್ಲಿ ನೂತನ ತೂಕದ ಯಂತ್ರ ಕೊಳ್ಳಲು ಯೋಜಿಸಲಾಗಿದೆ." ಆ ಮುಂದಿನ ಸಾಲು ಹದಿನಾಲ್ಕು ವರ್ಷದಿಂದ ಮುಂದೆಯೇ ಇದೆ.

ಆರು ವರ್ಷದ ಹಿಂದೆ ಯಜಮಾನರು ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಮಣ್ಣಿಗೆ ಕಲ್ಯಾಣಪ್ಪನೂ ಬಂದಿದ್ದ. ಸಂಘದ ಪರವಾಗಿ ಹಾರ ಹಾಕಿದವನು ಅವನೇ. ತಿಂಗಳ ಮೇಲೆ ನಾನು ಮರಣ ಪತ್ರ ತೆಗೆದುಕೊಂಡು ಸಂಘಕ್ಕೆ ಹೋದೆ. ಯಜಮಾನರು ಪಾಲು ಕೊಂಡಾಗಲೇ ನಾಮನಿರ್ದೇಶನದಲ್ಲಿ ನನ್ನ ಹೆಸರು ಬರೆಸಿದ್ದರು. ಆ ಪಾಲು ನನ್ನ ಹೆಸರಿಗಾದರೆ ನಾನು ಸದಸ್ಯೆ. ಸಭೆಯಲ್ಲಿ ಕೂರಬಹುದು, ಕೇಳಬಹುದು, ಕೈ ಎತ್ತಬಹುದು. ನನಗೆ ಬೇಕಾಗಿದ್ದು ಅಷ್ಟೇ.

"ಮುಂದಿನ ಕಮಿಟಿ ಮೀಟಿಂಗ್‌ದಾಗ ಇಡ್ತೇನಿ ಕಾಕಿ," ಎಂದ.

ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಅದೇ ಉತ್ತರ. ಉತ್ತರವನ್ನೂ ನಕಲು ಮಾಡುವ ಮನುಷ್ಯ!

ನೋಟೀಸು ಮಾತ್ರ ವರ್ಷವರ್ಷ ಯಜಮಾನರ ಹೆಸರಿಗೇ ಬರುತ್ತಿತ್ತು. ವರದಿಯಲ್ಲಿ ಅಗಲಿದ ಸದಸ್ಯರಿಗೆ ಶ್ರದ್ಧಾಂಜಲಿ ಅಂತ ಒಂದು ಕಲಮು ಇರುತ್ತದೆ. ಅಲ್ಲಿ ಅವರ ಹೆಸರು ಹುಡುಕುತ್ತಿದ್ದೆ. ನಾನು ಸೊಸೆಯಾಗಿದ್ದ ಕಾಲದಲ್ಲಿ ಸತ್ತ ಅದೇ ಮೂವರ ಹೆಸರು. ಹೋದ ವರ್ಷ ಪುಸ್ತಕವನ್ನು ಕೊನೆಯ ಪುಟದವರೆಗೂ ಓದಿದೆ. ಹಿಂದಿನ ಮಹಾಸಭೆಯ ನಡಾವಳಿ ಅಚ್ಚಾಗಿತ್ತು. ಠರಾವು ನಾಲ್ಕು, ತೂಕದ ಯಂತ್ರ. ಅನುಮೋದಕರು: ಶ್ರೀ ಶಾಂತಲಿಂಗಪ್ಪ.

ಬೆರಳಿಟ್ಟು ಇನ್ನೊಮ್ಮೆ ಓದಿದೆ. ಆಮೇಲೆ ನಗು ಬಂತು. ಆಮೇಲೆ ಚಪ್ಪಲಿ ಮೆಟ್ಟಿ ಸಭೆಗೆ ಹೊರಟೆ.

ಸಭೆ ಸಂಘದ ಗೋದಾಮಿನಲ್ಲಿ. ಗೊಬ್ಬರದ ಚೀಲ ಒಂದು ಬದಿಗೆ ಒಟ್ಟಿ ತಾಡಪತ್ರಿ ಹಾಸಿದ್ದರು. ಕಲ್ಯಾಣಪ್ಪ ಎದ್ದು, ಗಂಟಲು ಸರಿಮಾಡಿ, "ಪ್ರಸಕ್ತ ಸಾಲಿನಲ್ಲಿ" ಎಂದ.

"ಮಳೆ ಸಕಾಲಕ್ಕೆ ಬಾರದೆ," ಎಂದೆ ನಾನು ಹಿಂದಿನಿಂದ.

ಜನ ತಿರುಗಿ ನೋಡಿದರು. ಅವನು, "ಆದಾಗ್ಯೂ ಆಡಳಿತ ಮಂಡಳಿಯ" ಎಂದ.

"ಅವಿರತ ಪರಿಶ್ರಮದಿಂದ," ಎಂದೆ.

ನನ್ನ ಓಣಿಯ ಪ್ಯಾರಿಬಿ, ಸಂಘದ ಹಳೆಯ ಸದಸ್ಯೆ, ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. "ಕಲ್ಯಾಣಪ್ಪಾ, ನೀ ಕುಂಡ್ರು. ಗೌರಾಬಾಯಿ ಪುಸ್ತಕಿಲ್ದೆ ಓದ್ತಾಳ!"

ಕಲ್ಯಾಣಪ್ಪ ಕನ್ನಡಕ ತೆಗೆದ. "ಕಾಕಿ, ನೀವು ಮೆಂಬರ್ ಅಲ್ರಿ. ಸಭಾದಾಗ ಮಾತಾಡೋ ಹಕ್ಕಿಲ್ಲ ನಿಮಗ. ಹೊರಗ ಕುಂಡ್ರರಿ."

"ಹೌದಪ್ಪಾ, ನಾ ಮೆಂಬರ್ ಅಲ್ಲ. ಮೆಂಬರ್ ನಮ್ಮ ಯಜಮಾನ್ರು. ಹ್ವಾದ ವರ್ಷ ಸಭಾಕ್ಕ ಬಂದು ಅನುಮೋದನ ಮಾಡ್ಯಾರಂತ ಬರದೀ. ಎಲ್ಲಿ ಕುಂತಿದ್ರು? ಈ ಬಾಜೂಕೋ ಆ ಬಾಜೂಕೋ? ಚಹಾ ಕುಡದ್ರೇನು?"

"ಕುಡದಿದ್ರ ಕಪ್ಪಿನ ಲೆಕ್ಕ ಆಡಿಟ್‌ದಾಗ ಬರ್ತಿತ್ತು," ಎಂದಳು ಪ್ಯಾರಿಬಿ.

ಅಧ್ಯಕ್ಷ ದಶರಥ ಅಲ್ಲಿಯವರೆಗೆ ಬೀಸಣಿಗೆ ಮಾಡಿಕೊಂಡಿದ್ದ ವರದಿಯನ್ನು ಬಿಡಿಸಿ ಓದಿದ. "ಕಲ್ಯಾಣಪ್ಪಾ, ಏನಿದು?"

"ಅಚ್ಚಿನವರ ತಪ್ಪರಿ ಸಾಹೇಬ್ರ."

"ಹಂಗಾರ ಹಾಜರಿ ಪುಸ್ತಕ ತರಸ್ರಿ," ಎಂದೆ.

ಮುಕ್ರಮ ತಂದ. ನಡುಗುವ ಕೈಯವರಾದ ನಮ್ಮ ಯಜಮಾನರ ಸಹಿ ಯಾವತ್ತೂ ಗೆರೆ ಬಿಟ್ಟು ಕೆಳಗೆ ಜಾರುತ್ತಿತ್ತು. ಸತ್ತ ಮೇಲಿನ ಐದು ಸಭೆಗಳಲ್ಲಿ ಅದು ನೆಟ್ಟಗೆ, ದುಂಡಗೆ, ಬಲು ಚೆಂದ. ಅಷ್ಟು ಚೆಂದ ಬರೆಯುವ ಕೈ ಊರಲ್ಲಿ ಒಂದೇ.

"ಕೋರಂ ತುಂಬಲಿಲ್ರಿ," ಎಂದ ಕಲ್ಯಾಣಪ್ಪ ಸಣ್ಣ ದನಿಯಲ್ಲಿ. "ಜನ ಬರಂಗಿಲ್ಲ. ಸಭಾ ಮುಂದಕ್ಕ ಹಾಕಿದ್ರ ಮತ್ತ ನೋಟೀಸ್, ಮತ್ತ ಎಲ್ಲಾ ಬರೀಬೇಕು..."

ದುಡ್ಡಿಗಾಗಿ ಅಲ್ಲ, ದುರಾಸೆಗಾಗಿ ಅಲ್ಲ, ಮತ್ತೆ ಬರೆಯಬೇಕಲ್ಲ ಎಂದು! ನನ್ನ ಅರ್ಜಿ ಯಾಕೆ ಕದಲಲಿಲ್ಲ ಎಂದು ಆಗ ತಿಳಿಯಿತು. ಅದನ್ನು ಕಮಿಟಿಗೆ ಇಟ್ಟರೆ ಶಾಂತಲಿಂಗಪ್ಪ ಸತ್ತಿದ್ದಾರೆಂದು ಬರೆಯಬೇಕು, ಹೊಸ ಅನುಮೋದಕರನ್ನು ಹುಡುಕಬೇಕು. ಕಳ್ಳನಾಗುವುದಕ್ಕೂ ಮೈ ಬಗ್ಗಿಸಬೇಕು. ಅವನಿಗೆ ಅದೂ ಆಗದು.

ನಡಾವಳಿ ತಿದ್ದದೆ ಮಂಜೂರು ಇಲ್ಲ ಎಂದು ಸದಸ್ಯರು ಪಟ್ಟು ಹಿಡಿದರು. ಶ್ರದ್ಧಾಂಜಲಿಯಲ್ಲಿ ಯಜಮಾನರ ಹೆಸರನ್ನು ಅಲ್ಲೇ ಪೆನ್ನಿನಲ್ಲಿ ಸೇರಿಸಿ, ಎಲ್ಲರೂ ಎದ್ದು ನಿಂತರು. ಕಲ್ಯಾಣಪ್ಪನೂ ತಲೆ ತಗ್ಗಿಸಿ ನಿಂತ. ಏಳು ದಿನದ ನೋಟೀಸಿನ ಮೇಲೆ ಕಮಿಟಿ ಕೂಡಿ ಪಾಲನ್ನು ನನ್ನ ಹೆಸರಿಗೆ ವರ್ಗ ಮಾಡಿತು. ಅವನಿಗೆ ಕಾರಣ ಕೇಳಿ ಒಂದು ಪತ್ರ ಕೊಟ್ಟರಂತೆ. ಅವನ ಜವಾಬು ನಾನು ನೋಡಿಲ್ಲ. ಯಾರದ್ದನ್ನು ನೋಡಿ ಬರೆದನೋ.

ಈ ವರ್ಷ ಮುಕ್ರಮ ನನ್ನ ಹೆಸರಿನ ನೋಟೀಸು ತಂದ. ಕಟ್ಟೆಯ ಮೇಲೆ ಕೂತು ನಾನೇ ಓದಿದೆ. ಮಳೆ ಸಕಾಲಕ್ಕೆ ಬಂದಿರಲಿಲ್ಲ. ಕೊನೆಯ ಪುಟದಲ್ಲಿ, ಇನ್ನೂ ಹದಿನೈದು ದಿನ ಆಚೆಗಿದ್ದ ಸಭೆಯ ಠರಾವುಗಳನ್ನು ಆಗಲೇ ಅಚ್ಚು ಹಾಕಿಸಿದ್ದ. ಠರಾವು ನಾಲ್ಕು, ತೂಕದ ಯಂತ್ರ. ಅನುಮೋದಕರು: ಶ್ರೀ ಗೌರಾಬಾಯಿ.

ಗಂಡನ ಹೆಸರು ತೆಗೆದು ಹೆಂಡತಿಯದನ್ನು ಕೂರಿಸಿದ್ದ. ಅವನ ಲೆಕ್ಕದಲ್ಲಿ ಅದೇ ತಿದ್ದುಪಡಿ.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಅವನು ನಾಲ್ಕನೇ ಠರಾವು ಓದಿ ಐದಕ್ಕೆ ಹೋಗುತ್ತಿದ್ದ.

"ತಡಿಯೋ. ನಾ ಅನುಮೋದಿಸಂಗಿಲ್ಲ."

"ಅಚ್ಚಾಗೇದಲ್ರಿ ಕಾಕಿ..."

"ಅಚ್ಚು ಅನುಮೋದಿಸ್ಲಿ ಹಂಗಾರ. ಯಂತ್ರದ ದರಪಟ್ಟಿ ಎಲ್ಲಿ? ಯಾವ ತಿಂಗಳ ಬರ್ತದ? ಅದನ್ನ ಹೇಳು, ಕೈ ಎತ್ತತೇನಿ. ಇಲ್ಲಂದ್ರ ನಾ ಬ್ಯಾಡ ಅಂದೀನಂತ ಬರಕೋ."

ದಶರಥ ತಲೆಯಾಡಿಸಿದ. ಕಲ್ಯಾಣಪ್ಪ ಠರಾವು ಪುಸ್ತಕ ತೆರೆದು ಪೆನ್ನು ಹಿಡಿದ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಹಿಂದಿನ ಪುಟ ತಿರುವಿದ, ಅದರ ಹಿಂದಿನದೂ ತಿರುವಿದ. ಅಂಥ ವಾಕ್ಯ ಎಲ್ಲೂ ಇರಲಿಲ್ಲ.

"ಏನಂತ ಬರೀಲ್ರಿ ಕಾಕಿ?" ಎಂದ.

ನಾನು ಒಂದೊಂದೇ ಶಬ್ದ ನಿಧಾನವಾಗಿ ಹೇಳಿದೆ. ಅವನು ಬರೆದುಕೊಂಡ. ಅಕ್ಷರ ಚೆಂದವೇ ಇತ್ತು.